ಬೆಂಚ್‌ಮಾರ್ಕ್ ಚಾರ್ಟ್ ಓದುವ ಕ್ರಮ: ಸರಾಸರಿಯ ಹಿಂದೆ ಅಡಗಿದ ತಡವರಿಕೆಯನ್ನು ಹಿಡಿಯುವುದು ಹೇಗೆ?

ಶಿವಮೊಗ್ಗದಲ್ಲಿ ಕಂಪ್ಯೂಟರ್ ಜೋಡಿಸಿಕೊಡುವ ನನ್ನ ಬಳಿಗೆ ಗ್ರಾಫಿಕ್ಸ್ ಕಾರ್ಡ್ ಕೇಳಿಕೊಂಡು ಬರುವವರಲ್ಲಿ ಹೆಚ್ಚಿನವರು ಫೋನಿನಲ್ಲಿ ಒಂದು ಚಾರ್ಟಿನ ಸ್ಕ್ರೀನ್‌ಶಾಟ್ ಇಟ್ಟುಕೊಂಡೇ ಬರುತ್ತಾರೆ. ಅದರಲ್ಲಿ ಎಲ್ಲಕ್ಕಿಂತ ಉದ್ದವಾದ ಪಟ್ಟಿ ಯಾವ ಕಾರ್ಡಿನದೋ ಅದನ್ನೇ ಬೆರಳಿಟ್ಟು ತೋರಿಸುತ್ತಾರೆ. ಅವರಲ್ಲಿ ಕೆಲವರು ಎರಡು ವಾರದ ನಂತರ ಅದೇ ಕಾರ್ಡ್ ಹಿಡಿದುಕೊಂಡು ಮತ್ತೆ ಬರುತ್ತಾರೆ.

ಕಳೆದ ಮಳೆಗಾಲದಲ್ಲಿ ತೀರ್ಥಹಳ್ಳಿ ಕಡೆಯ ವಿದ್ಯಾರ್ಥಿಯೊಬ್ಬ ಹೀಗೆಯೇ ಬಂದಿದ್ದ. "ಅಣ್ಣಾ, ಚಾರ್ಟಲ್ಲಿ ನೂರು ಅಂತ ಇತ್ತು, ನಮ್ಮನೇಲೂ ನೂರೇ ತೋರಿಸ್ತದೆ. ಆದ್ರೆ ಆಟದಲ್ಲಿ ಸ್ವಲ್ಪ ತಿರುಗಿದ ಕೂಡ್ಲೇ ಗಕ್ಕಂತ ನಿಂತು ಹೋಗ್ತದೆ" ಎಂಬುದು ಅವನ ದೂರು. ನೂರು ಎಂದರೆ ಸೆಕೆಂಡಿಗೆ ನೂರು ಫ್ರೇಮ್, ಅಂದರೆ ಪರದೆಯ ಮೇಲೆ ಒಂದು ಸೆಕೆಂಡಿನಲ್ಲಿ ಮೂಡುವ ಚಿತ್ರಗಳ ಎಣಿಕೆ. ಚಾರ್ಟ್ ಸುಳ್ಳು ಹೇಳಿರಲಿಲ್ಲ, ಅವನ ಕಾರ್ಡೂ ಕೆಟ್ಟಿರಲಿಲ್ಲ. ಅವನು ಚಾರ್ಟಿನಲ್ಲಿ ಓದಬೇಕಾದದ್ದನ್ನು ಬಿಟ್ಟು ಬೇರೆಯದನ್ನು ಓದಿದ್ದ. ಅವನ ಯಂತ್ರದಲ್ಲಿ ನಾವು ಅಳೆದ ಅಂಕಿಗಳನ್ನೇ ಮುಂದೆ ಉದಾಹರಣೆಯಾಗಿ ಬಳಸಿದ್ದೇನೆ. ಲೆಕ್ಕ ಸುಲಭವಾಗಲಿ ಎಂದು ಅವನ್ನು ದುಂಡು ಮಾಡಿಕೊಂಡಿದ್ದೇನೆ.

ಹಂತಗಳ ಕ್ರಮವನ್ನು ದಯವಿಟ್ಟು ಬದಲಿಸಬೇಡಿ. ಪಟ್ಟಿಗಳನ್ನು ಮೊದಲು ನೋಡಿದರೆ ಮನಸ್ಸು ಆಗಲೇ ಒಂದು ಕಾರ್ಡಿನ ಕಡೆ ವಾಲಿಬಿಡುತ್ತದೆ, ಆಮೇಲೆ ಸಣ್ಣ ಅಕ್ಷರಗಳನ್ನು ಓದಿಯೂ ಪ್ರಯೋಜನವಿಲ್ಲ.

## ಬೇಕಾಗುವ ಸಾಮಗ್ರಿ

ವಿಮರ್ಶೆಯ ಪೂರ್ಣ ಪಠ್ಯ ಅಥವಾ ಪೂರ್ಣ ವಿಡಿಯೊ ಬೇಕು, ಸ್ಕ್ರೀನ್‌ಶಾಟ್ ಸಾಲದು. ನೇರ ಅಂಚಿನ ಒಂದು ತುಂಡು ಕಾಗದ, ಪೆನ್ನು ಮತ್ತು ನಿಮ್ಮ ಯಂತ್ರದ ವಿವರ ಬರೆದ ಚೀಟಿ ಇರಲಿ. ಚೀಟಿಯಲ್ಲಿ ಪ್ರೊಸೆಸರ್, ರ್ಯಾಮ್ ಎಷ್ಟು ಮತ್ತು ಎಷ್ಟು ಸ್ಟಿಕ್, ಮಾನಿಟರಿನ ರೆಸಲ್ಯೂಷನ್ ಮತ್ತು ಹರ್ಟ್ಜ್, ಇಷ್ಟು ಇದ್ದರೆ ಸಾಕು. ಕೊನೆಯ ಹಂತಕ್ಕೆ ಮಾತ್ರ ಪ್ರೆಸೆಂಟ್‌ಮಾನ್ ಅಥವಾ ಕ್ಯಾಪ್‌ಫ್ರೇಮ್‌ಎಕ್ಸ್ ಎಂಬ ಉಚಿತ ತಂತ್ರಾಂಶ ಮತ್ತು ಯಾವುದಾದರೊಂದು ಸ್ಪ್ರೆಡ್‌ಶೀಟ್ ಬೇಕಾಗುತ್ತದೆ.

## ಹಂತ 1: ಪಟ್ಟಿಗಳನ್ನು ಮುಚ್ಚಿ, ಪರೀಕ್ಷೆಯ ಸೆಟ್ಟಿಂಗ್ ಓದಿ

ಕಾಗದದಿಂದ ಪಟ್ಟಿಗಳನ್ನು ನಿಜವಾಗಿಯೂ ಮುಚ್ಚಿಕೊಳ್ಳಿ. ಈಗ ಚಾರ್ಟಿನ ತಲೆಬರಹ, ಅಡಿಬರಹ ಮತ್ತು ವಿಮರ್ಶೆಯ ಆರಂಭದಲ್ಲಿ ಬರುವ ಪರೀಕ್ಷಾ ಯಂತ್ರದ ವಿವರವನ್ನು ಓದಿ, ನಿಮ್ಮ ಚೀಟಿಯ ಪಕ್ಕದಲ್ಲಿ ಬರೆದುಕೊಳ್ಳಿ.

ಮೊದಲು ನೋಡಬೇಕಾದದ್ದು ಪ್ರೊಸೆಸರ್. ಗ್ರಾಫಿಕ್ಸ್ ಕಾರ್ಡ್ ಪರೀಕ್ಷಿಸುವವರು ಮಾರುಕಟ್ಟೆಯಲ್ಲಿರುವ ಅತಿ ವೇಗದ ಪ್ರೊಸೆಸರನ್ನೇ ಬಳಸುತ್ತಾರೆ. ಕಾರ್ಡಿನ ಪೂರ್ಣ ಸಾಮರ್ಥ್ಯ ಹೊರಬರಬೇಕು, ಪ್ರೊಸೆಸರ್ ಅಡ್ಡಬರಬಾರದು ಎಂಬುದು ಅವರ ಉದ್ದೇಶ, ಮತ್ತು ಅದು ಸರಿಯಾದ ಉದ್ದೇಶವೇ. ಆದರೆ ಆ ಅಂಕಿ ನಿಮ್ಮ ಮನೆಗೆ ಅನ್ವಯಿಸುತ್ತದೆಯೇ ಎಂಬುದು ಬೇರೆ ಪ್ರಶ್ನೆ. 2024ರ ಡಿಸೆಂಬರಿನಲ್ಲಿ ಇಂಟೆಲ್ ಆರ್ಕ್ ಬಿ580 ಕಾರ್ಡ್ ಬಂದಾಗ ಮೊದಲ ವಿಮರ್ಶೆಗಳು ಅದನ್ನು ಬಹಳ ಮೆಚ್ಚಿಕೊಂಡವು. ಕೆಲವೇ ವಾರಗಳಲ್ಲಿ, 2025ರ ಜನವರಿಯಲ್ಲಿ, ಹಾರ್ಡ್‌ವೇರ್ ಅನ್‌ಬಾಕ್ಸ್‌ಡ್ ಮತ್ತು ಹಾರ್ಡ್‌ವೇರ್ ಕನಕ್ಸ್ ಎಂಬ ವಿಮರ್ಶಕರು ಅದೇ ಕಾರ್ಡನ್ನು ಹಳೆಯ ಪ್ರೊಸೆಸರುಗಳ ಜೊತೆ ಪರೀಕ್ಷಿಸಿ, ಕೆಲವು ಆಟಗಳಲ್ಲಿ ಅದರ ವೇಗ ಪ್ರತಿಸ್ಪರ್ಧಿ ಕಾರ್ಡುಗಳಿಗಿಂತ ಹೆಚ್ಚಾಗಿ ಕುಸಿಯುವುದನ್ನು ತೋರಿಸಿದರು. ಅದರ ಡ್ರೈವರ್ ಪ್ರೊಸೆಸರಿನ ಮೇಲೆ ಹೊರಿಸುವ ಕೆಲಸ ಹೆಚ್ಚಾಗಿತ್ತು. ಮೊದಲ ಚಾರ್ಟುಗಳಲ್ಲಿ ತಪ್ಪಿರಲಿಲ್ಲ. ಆದರೆ ಕಡಿಮೆ ಬೆಲೆಯ ಕಾರ್ಡ್ ಕೊಳ್ಳುವವನ ಮನೆಯಲ್ಲಿ ದುಬಾರಿ ಪ್ರೊಸೆಸರ್ ಇರುವುದು ಅಪರೂಪ ಎಂಬ ಸಂಗತಿ ಅವುಗಳಲ್ಲಿ ಕಾಣುತ್ತಿರಲಿಲ್ಲ.

ಎರಡನೆಯದು ರ್ಯಾಮ್. ತೀರ್ಥಹಳ್ಳಿಯ ಹುಡುಗ ಎಡವಿದ್ದು ಇಲ್ಲಿಯೇ. ಚಾರ್ಟಿನ ಯಂತ್ರದಲ್ಲಿ 32 ಜಿಬಿ ಇತ್ತು, ಇವನದರಲ್ಲಿ 8 ಜಿಬಿಯ ಒಂದೇ ಸ್ಟಿಕ್. ಒಂದೇ ಸ್ಟಿಕ್ ಇದ್ದರೆ ಮೆಮೊರಿಯ ಒಂದೇ ಚಾನೆಲ್, ಅಂದರೆ ಡೇಟಾ ಓಡಾಡುವ ಒಂದೇ ದಾರಿ, ಕೆಲಸ ಮಾಡುತ್ತದೆ. ಅದರ ಮೇಲೆ ಆಟಕ್ಕೆ ರ್ಯಾಮ್ ಸಾಲದೆ ಹೋದಾಗ ವಿಂಡೋಸ್ ಡಿಸ್ಕಿನ ಕಡೆ ಓಡುತ್ತದೆ, ಆಗ ಚಿತ್ರ ಕ್ಷಣಕಾಲ ನಿಲ್ಲುತ್ತದೆ.

ಮೂರನೆಯದು ರೆಸಲ್ಯೂಷನ್ ಮತ್ತು ಗುಣಮಟ್ಟದ ಮಟ್ಟ. "1080p" ಎಂದಷ್ಟೇ ಬರೆದಿದ್ದು ಲೋ, ಮೀಡಿಯಂ, ಅಲ್ಟ್ರಾ ಯಾವುದೆಂದು ಹೇಳದಿದ್ದರೆ ಆ ಚಾರ್ಟನ್ನು ಅಲ್ಲಿಗೇ ಬಿಡಬಹುದು. ಬೆಳಕಿನ ಕಿರಣಗಳನ್ನು ಲೆಕ್ಕಹಾಕಿ ಚಿತ್ರ ಬರೆಯುವ ರೇ ಟ್ರೇಸಿಂಗ್ ಹಾಕಿದ್ದಾರೋ ಇಲ್ಲವೋ ಎಂಬುದೂ ಇಲ್ಲಿ ಸ್ಪಷ್ಟವಾಗಿರಬೇಕು.

ಲ್ಯಾಪ್‌ಟಾಪ್ ಕೊಳ್ಳುವವರು ಇನ್ನೊಂದು ಅಂಕಿಯನ್ನು ಹುಡುಕಬೇಕು: ಗ್ರಾಫಿಕ್ಸ್ ಚಿಪ್ಪಿಗೆ ಎಷ್ಟು ವಾಟ್ ಕೊಡಲಾಗಿದೆ ಎಂಬುದು. ಆರ್‌ಟಿಎಕ್ಸ್ 4060 ಲ್ಯಾಪ್‌ಟಾಪ್ ಚಿಪ್ಪನ್ನು ತಯಾರಕರು 35 ವಾಟ್‌ನಿಂದ 115 ವಾಟ್‌ವರೆಗೆ ಎಲ್ಲಿ ಬೇಕಾದರೂ ಹೊಂದಿಸಿಕೊಳ್ಳಬಹುದು. ಹೊರಗಿನ ಸ್ಟಿಕ್ಕರಿನಲ್ಲಿ ಹೆಸರು ಒಂದೇ ಇರುತ್ತದೆ. ವಾಟ್ ಬರೆಯದ ಲ್ಯಾಪ್‌ಟಾಪ್ ಚಾರ್ಟ್, ತೂಕ ಬರೆಯದ ಅಡಿಕೆ ಚೀಲದ ಬೆಲೆಯಂತೆ. ಕೋಣೆಯ ಉಷ್ಣಾಂಶವನ್ನೂ ನೋಡಿಕೊಳ್ಳಿ. ಎಸಿ ಕೋಣೆಯಲ್ಲಿ ಅಳೆದ ಲ್ಯಾಪ್‌ಟಾಪ್ ಏಪ್ರಿಲ್ ತಿಂಗಳ ಶಿವಮೊಗ್ಗದ ಮಧ್ಯಾಹ್ನದಲ್ಲಿ ಅದೇ ವೇಗವನ್ನು ಉಳಿಸಿಕೊಳ್ಳುತ್ತದೆ ಎಂದು ನಂಬಬೇಡಿ.

ಎಚ್ಚರಿಕೆಯ ಗುರುತು: ಪರೀಕ್ಷಾ ಯಂತ್ರದ ವಿವರವೇ ಎಲ್ಲಿಯೂ ಇಲ್ಲದೆ, ಹಿನ್ನೆಲೆ ಸಂಗೀತದೊಂದಿಗೆ ಎರಡು ಆಟದ ದೃಶ್ಯಗಳನ್ನು ಅಕ್ಕಪಕ್ಕ ಓಡಿಸಿ ಮೂಲೆಯಲ್ಲಿ ಅಂಕಿ ತೋರಿಸುವ ವಿಡಿಯೊಗಳು. ಇವುಗಳಲ್ಲಿ ಎಷ್ಟೋ ವಿಡಿಯೊಗಳವರ ಬಳಿ ಆ ಕಾರ್ಡ್ ಇದೆ ಎಂಬುದಕ್ಕೇ ಸಾಕ್ಷಿ ಇರುವುದಿಲ್ಲ. ಕಾರ್ಡನ್ನು ಕೈಯಲ್ಲಿ ಹಿಡಿದು ತೋರಿಸದವರ ಅಂಕಿಯನ್ನು ನಾನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ.

## ಹಂತ 2: ಪಟ್ಟಿಯ ಉದ್ದವನ್ನು ಕಾಗದದಿಂದ ಅಳೆಯಿರಿ

ಈಗ ಕಾಗದ ತೆಗೆಯಬಹುದು. ಅದರ ಅಂಚನ್ನು ಅತಿ ಉದ್ದದ ಪಟ್ಟಿಗೆ ಹಿಡಿದು ಆರಂಭ ಮತ್ತು ಕೊನೆಗೆ ಪೆನ್ನಿನಿಂದ ಗುರುತು ಹಾಕಿ. ಅದೇ ಅಂಚನ್ನು ಕೆಳಗಿನ ಪಟ್ಟಿಗೆ ಹಿಡಿಯಿರಿ. ಒಂದರ ಮುಂದೆ 100, ಇನ್ನೊಂದರ ಮುಂದೆ 95 ಎಂದು ಬರೆದಿದ್ದರೆ ಎರಡನೆಯ ಪಟ್ಟಿ ಮೊದಲನೆಯದಕ್ಕಿಂತ ಕೂದಲೆಳೆಯಷ್ಟು ಮಾತ್ರ ಚಿಕ್ಕದಾಗಿರಬೇಕು. ಅದು ಅರ್ಧಕ್ಕೇ ನಿಂತಿದ್ದರೆ, ಚಾರ್ಟ್ ಸೊನ್ನೆಯಿಂದ ಶುರುವಾಗದೆ 90ರಿಂದ ಶುರುವಾಗಿದೆ ಎಂದು ಅರ್ಥ. ಆಗ 5 ಫ್ರೇಮಿನ ವ್ಯತ್ಯಾಸ ಕಣ್ಣಿಗೆ ಎರಡು ಪಟ್ಟಾಗಿ ಕಾಣುತ್ತದೆ.

ಇದೇ ಹಂತದಲ್ಲಿ ವ್ಯತ್ಯಾಸದ ಗಾತ್ರವನ್ನೂ ತೂಗಿ ನೋಡಿ. ಒಂದೇ ಯಂತ್ರದಲ್ಲಿ ಒಂದೇ ದೃಶ್ಯವನ್ನು ಮೂರು ಸಲ ಓಡಿಸಿದರೂ ಮೂರೂ ಸಲ ಅಂಕಿ ಸ್ವಲ್ಪ ಬೇರೆ ಬರುತ್ತದೆ. ಹಾಗಾಗಿ ಶೇಕಡಾ 3ಕ್ಕಿಂತ ಕಡಿಮೆ ಅಂತರವಿರುವ ಎರಡು ಕಾರ್ಡುಗಳನ್ನು ನಾನು ಸಮ ಎಂದೇ ಎಣಿಸುತ್ತೇನೆ, ಬೆಲೆ ಮತ್ತು ವಾರಂಟಿ ನೋಡಿ ತೀರ್ಮಾನಿಸುತ್ತೇನೆ. ಎಷ್ಟು ಸಲ ಓಡಿಸಿ ಸರಾಸರಿ ತೆಗೆದಿದ್ದಾರೆ ಎಂದು ಹೇಳುವ ವಿಮರ್ಶಕನಿಗೆ ಒಂದು ಅಂಕ ಹೆಚ್ಚು ಕೊಡಿ.

## ಹಂತ 3: ಸರಾಸರಿಯನ್ನು ಬಿಟ್ಟು ಕನಿಷ್ಠದಿಂದ ಓದಲು ಶುರುಮಾಡಿ

ನಮ್ಮ ಕಡೆ ಹಳ್ಳಕ್ಕೆ ಕಾಲುಸಂಕ ಹಾಕುವವರು ವರ್ಷದ ಸರಾಸರಿ ಮಳೆಯನ್ನು ನೋಡಿ ಎತ್ತರ ಗೊತ್ತುಮಾಡುವುದಿಲ್ಲ. ಆಷಾಢದಲ್ಲಿ ನೀರು ಎಲ್ಲಿಯವರೆಗೆ ಏರಿತ್ತು ಎಂದು ದಡದ ಮರದ ಗುರುತು ನೋಡುತ್ತಾರೆ. ಆಟ ಆಡುವವನಿಗೆ ಸಂಕ ಮುಳುಗುವ ದಿನವೆಂದರೆ ಚಿತ್ರ ತಡವರಿಸುವ ಕ್ಷಣ. ಅದನ್ನು ಹೇಳುವ ಅಂಕಿ ಸರಾಸರಿಯಲ್ಲ, ಚಾರ್ಟುಗಳಲ್ಲಿ `1% Low` ಎಂದು ಬರೆಯುವ ಶೇಕಡಾ ಒಂದರ ಕನಿಷ್ಠ, ಅಂದರೆ ಅತಿ ನಿಧಾನವಾದ ಶೇಕಡಾ ಒಂದರಷ್ಟು ಫ್ರೇಮುಗಳ ವೇಗ.

ಸರಾಸರಿ ಫ್ರೇಮ್ ದರ ಎಂದರೆ ಒಟ್ಟು ಫ್ರೇಮುಗಳನ್ನು ಒಟ್ಟು ಸೆಕೆಂಡುಗಳಿಂದ ಭಾಗಿಸಿದ್ದು, ಅಷ್ಟೇ. ಒಂದು ನಿಮಿಷದಲ್ಲಿ 6000 ಫ್ರೇಮ್ ಬಂದರೆ ಸರಾಸರಿ 100. ಆ 6000 ಫ್ರೇಮುಗಳು ಸಮ ಅಂತರದಲ್ಲಿ ಬಂದವೋ, ಒಂದಷ್ಟು ಓಡಿ ಬಂದು ಒಂದಷ್ಟು ಕುಂಟುತ್ತ ಬಂದವೋ ಎಂಬುದು ಆ ಅಂಕಿಯಲ್ಲಿ ಉಳಿಯುವುದಿಲ್ಲ.

ಹಾಗಾಗಿ ಫ್ರೇಮ್ ದರದ ಬದಲು ಒಂದೊಂದು ಫ್ರೇಮಿಗೆ ಹಿಡಿದ ಸಮಯವನ್ನು ಯೋಚಿಸಿ. ಸೆಕೆಂಡಿಗೆ 100 ಫ್ರೇಮ್ ಎಂದರೆ ಒಂದಕ್ಕೆ 10 ಮಿಲಿಸೆಕೆಂಡ್. 60 ಎಂದರೆ 16.7, 30 ಎಂದರೆ 33.3. ಒಂದು ಫ್ರೇಮ್ 50 ಮಿಲಿಸೆಕೆಂಡ್ ತೆಗೆದುಕೊಂಡರೆ ಆ ಕ್ಷಣಕ್ಕೆ ನಿಮ್ಮ ಆಟ ಸೆಕೆಂಡಿಗೆ 20 ಫ್ರೇಮಿನ ವೇಗದಲ್ಲಿ ಓಡುತ್ತಿದೆ. 10, 10, 10 ಎಂದು ಬರುತ್ತಿದ್ದ ನಡುವೆ ಒಮ್ಮೆಲೇ 50 ಬಂದದ್ದನ್ನು ಕಣ್ಣು ಹಿಡಿಯುತ್ತದೆ. "ಗಕ್ಕಂತ ನಿಂತು ಹೋಗ್ತದೆ" ಎಂದು ಹುಡುಗ ಹೇಳಿದ್ದು ಇದನ್ನೇ.

ಅವನ ಯಂತ್ರದಲ್ಲಿ ಒಂದು ನಿಮಿಷ ದಾಖಲಿಸಿದಾಗ ಸಿಕ್ಕಿದ್ದು 6000 ಫ್ರೇಮ್. ಅವುಗಳಲ್ಲಿ 50 ಫ್ರೇಮುಗಳು ತಲಾ 50 ಮಿಲಿಸೆಕೆಂಡ್ ಹಿಡಿದಿದ್ದವು, ಅಂದರೆ ಎಲ್ಲ ಸೇರಿ ಎರಡೂವರೆ ಸೆಕೆಂಡ್. ಉಳಿದ 5950 ಫ್ರೇಮುಗಳು ಮಿಕ್ಕ ಐವತ್ತೇಳೂವರೆ ಸೆಕೆಂಡಿನಲ್ಲಿ, ತಲಾ 9.7 ಮಿಲಿಸೆಕೆಂಡಿನ ಹತ್ತಿರ ಬಂದಿದ್ದವು. ಸರಾಸರಿ ಸರಿಯಾಗಿ 100. ಚಾರ್ಟಿನಲ್ಲಿದ್ದದ್ದೂ 100. ಆದರೆ ಅವನ ಕಣ್ಣೆದುರು ಒಂದು ನಿಮಿಷದಲ್ಲಿ ಐವತ್ತು ಸಲ ಚಿತ್ರ ಜಗ್ಗಿತ್ತು.

ನಾವು ಇನ್ನೊಂದು 8 ಜಿಬಿ ಸ್ಟಿಕ್ ಹಾಕಿ ಅದೇ ದಾರಿಯಲ್ಲಿ ಮತ್ತೆ ಓಡಿಸಿದೆವು. ಸರಾಸರಿ 100ರಿಂದ 104ಕ್ಕೆ ಮಾತ್ರ ಏರಿತು. ಚಾರ್ಟಿನಲ್ಲಿ ಇದನ್ನು ನೋಡಿದವನು "ನಾಲ್ಕು ಫ್ರೇಮಿಗೋಸ್ಕರ ರ್ಯಾಮ್ ಯಾಕೆ ಹಾಕಬೇಕು?" ಎಂದು ಕೇಳುತ್ತಾನೆ. ಶೇಕಡಾ ಒಂದರ ಕನಿಷ್ಠ ಮಾತ್ರ 23ರಿಂದ 70ರ ಆಸುಪಾಸಿಗೆ ಏರಿತ್ತು. ಅವನು ಹೊಸ ಕಾರ್ಡ್ ಕೊಳ್ಳುವ ಯೋಚನೆಯಲ್ಲಿದ್ದ, ರ್ಯಾಮಿನ ಖರ್ಚಿನಲ್ಲಿ ಮುಗಿಯಿತು.

ಓದುವ ಕ್ರಮ ಹೀಗಿರಲಿ. ಮೊದಲು ಎಲ್ಲ ಕಾರ್ಡುಗಳ ಕನಿಷ್ಠ ಅಂಕಿಗಳನ್ನು ಮೇಲಿನಿಂದ ಕೆಳಗೆ ಬರೆದುಕೊಳ್ಳಿ. ನಿಮ್ಮ ಮಾನಿಟರ್ 60 ಹರ್ಟ್ಜ್ ಆಗಿದ್ದರೆ ಕನಿಷ್ಠವೇ 60ರ ಹತ್ತಿರ ಇರುವ ಕಾರ್ಡುಗಳಿಗೆ ಗುರುತು ಹಾಕಿ. ಆಮೇಲೆ ಪ್ರತಿಯೊಂದರ ಪಕ್ಕ ಸರಾಸರಿ ಬರೆದು ಎರಡರ ಅಂತರ ನೋಡಿ. ನನ್ನ ಅನುಭವದಲ್ಲಿ ಕನಿಷ್ಠವು ಸರಾಸರಿಯ ಮೂರನೇ ಎರಡು ಭಾಗಕ್ಕಿಂತ ಮೇಲಿದ್ದರೆ ಆಟ ನಯವಾಗಿರುತ್ತದೆ. ಅರ್ಧಕ್ಕಿಂತ ಕೆಳಗಿದ್ದರೆ ಏನೋ ಎಲ್ಲೋ ಸಿಕ್ಕಿಕೊಳ್ಳುತ್ತಿದೆ. ಇದು ಕಣ್ಣಳತೆಯ ನಿಯಮ, ಆಟದಿಂದ ಆಟಕ್ಕೆ ಬದಲಾಗುತ್ತದೆ.

ಒಂದೇ ಕಾರ್ಡಿನ 8 ಜಿಬಿ ಮತ್ತು 16 ಜಿಬಿ ಆವೃತ್ತಿಗಳನ್ನು ಹೋಲಿಸುವಾಗ ಈ ಅಂತರಕ್ಕೆ ವಿಶೇಷ ಬೆಲೆಯಿದೆ. ಕಾರ್ಡಿನ ಮೆಮೊರಿ ತುಂಬಿ ಹರಿಯುವ ಆಟಗಳಲ್ಲಿ ಎರಡರ ಸರಾಸರಿ ಹತ್ತಿರವೇ ಇದ್ದರೂ 8 ಜಿಬಿಯದರ ಕನಿಷ್ಠ ಕುಸಿದು ಬಿದ್ದಿರಬಹುದು. ಸರಾಸರಿಯನ್ನಷ್ಟೇ ತೋರಿಸುವ ಚಾರ್ಟಿನಲ್ಲಿ ಎರಡೂ ಜೋಡಿ ಎತ್ತುಗಳಂತೆ ಕಾಣುತ್ತವೆ.

ಸಾಮಾನ್ಯ ತಪ್ಪು: ಹತ್ತು ಆಟಗಳ ಒಟ್ಟು ಸರಾಸರಿಯ ಚಾರ್ಟನ್ನು ನೋಡಿ ನಿರ್ಧರಿಸುವುದು. ಇ-ಸ್ಪೋರ್ಟ್ಸ್ ಆಟವೊಂದರ 400 ಫ್ರೇಮ್, ಭಾರದ ಆಟವೊಂದರ 40 ಫ್ರೇಮನ್ನು ಅಲ್ಲಿ ನುಂಗಿ ಹಾಕುತ್ತದೆ. ನೀವು ನಿಜವಾಗಿ ಆಡುವ ಎರಡು ಅಥವಾ ಮೂರು ಆಟಗಳ ಪ್ರತ್ಯೇಕ ಚಾರ್ಟುಗಳನ್ನೇ ನೋಡಿ.

## ಹಂತ 4: "ಶೇಕಡಾ ಒಂದರ ಕನಿಷ್ಠ" ಎಂದರೆ ಅವರ ಲೆಕ್ಕದಲ್ಲಿ ಏನು?

ಈ ಹಂತವನ್ನು ಹೆಚ್ಚಿನವರು ಬಿಟ್ಟುಬಿಡುತ್ತಾರೆ, ಆದರೆ ಎರಡು ವಿಮರ್ಶೆಗಳ ಅಂಕಿ ಹೊಂದದಿರುವುದಕ್ಕೆ ಎಷ್ಟೋ ಸಲ ಇದೇ ಕಾರಣ. ಒಂದೇ ಹೆಸರಿನಲ್ಲಿ ಎರಡು ಲೆಕ್ಕಗಳು ಚಾಲ್ತಿಯಲ್ಲಿವೆ.

ಮೊದಲ ಲೆಕ್ಕದಲ್ಲಿ ಎಲ್ಲ ಫ್ರೇಮುಗಳನ್ನು ವೇಗದ್ದರಿಂದ ನಿಧಾನದ್ದಕ್ಕೆ ಸಾಲಾಗಿ ನಿಲ್ಲಿಸಿ, ನೂರಕ್ಕೆ ತೊಂಬತ್ತೊಂಬತ್ತನೆಯ ಸ್ಥಾನದಲ್ಲಿ ನಿಂತ ಒಂದೇ ಫ್ರೇಮಿನ ಸಮಯವನ್ನು ತೆಗೆದುಕೊಳ್ಳುತ್ತಾರೆ. ಎರಡನೆಯ ಲೆಕ್ಕದಲ್ಲಿ ಸಾಲಿನ ಕೊನೆಯ ಶೇಕಡಾ ಒಂದರಷ್ಟು ಫ್ರೇಮುಗಳನ್ನೆಲ್ಲ ಸೇರಿಸಿ ಸರಾಸರಿ ತೆಗೆಯುತ್ತಾರೆ.

ಹುಡುಗನ ದಾಖಲೆಗೆ ಎರಡನ್ನೂ ಹಾಕಿ ನೋಡೋಣ. 6000ದ ಶೇಕಡಾ ಒಂದು ಎಂದರೆ 60 ಫ್ರೇಮ್. ಕೆಟ್ಟವು ಇರುವುದು 50 ಮಾತ್ರ. ಹಾಗಾಗಿ ಮೊದಲ ಲೆಕ್ಕದಲ್ಲಿ ಗಡಿಯ ಮೇಲೆ ನಿಂತಿರುವುದು ಒಂದು ಒಳ್ಳೆಯ ಫ್ರೇಮ್, 9.7 ಮಿಲಿಸೆಕೆಂಡಿನದು. ಅಂಕಿ 103 ಎಂದು ಬರುತ್ತದೆ, ಅಂದರೆ ಕನಿಷ್ಠವೇ ಸರಾಸರಿಗಿಂತ ಹೆಚ್ಚು! ಎರಡನೆಯ ಲೆಕ್ಕದಲ್ಲಿ 50 ಕೆಟ್ಟ ಫ್ರೇಮುಗಳ 2500 ಮಿಲಿಸೆಕೆಂಡಿಗೆ 10 ಒಳ್ಳೆಯ ಫ್ರೇಮುಗಳ 97 ಸೇರಿಸಿ, ಬಂದ 2597ನ್ನು 60ರಿಂದ ಭಾಗಿಸಿದರೆ 43.3 ಮಿಲಿಸೆಕೆಂಡ್, ಅಂದರೆ ಸೆಕೆಂಡಿಗೆ 23 ಫ್ರೇಮ್. ದಾಖಲೆ ಒಂದೇ, ಹೆಸರು ಒಂದೇ, ಅಂಕಿ ಮಾತ್ರ 103 ಮತ್ತು 23.

ನಿಜವಾದ ದಾಖಲೆಗಳಲ್ಲಿ ಫ್ರೇಮ್ ಸಮಯಗಳು ಇಷ್ಟು ಖಡಾಖಂಡಿತವಾಗಿ ಎರಡು ಗುಂಪಾಗಿ ನಿಲ್ಲುವುದಿಲ್ಲವಾದ್ದರಿಂದ ಅಂತರ ಇಷ್ಟು ದೊಡ್ಡದಾಗುವುದು ಅಪರೂಪ. ಆದರೂ ಮೊದಲ ಲೆಕ್ಕ ವಿರಳವಾದ ದೊಡ್ಡ ತಡವರಿಕೆಗಳನ್ನು ಕಾಣದೆ ಬಿಡಬಹುದು ಎಂಬುದನ್ನು ನೆನಪಿಡಿ. ಅದು ಮೋಸದ ಲೆಕ್ಕವಲ್ಲ. ಆಕಸ್ಮಿಕವಾದ ಒಂದೆರಡು ಕೆಟ್ಟ ಫ್ರೇಮುಗಳಿಂದ ಅಂಕಿ ಹಾಳಾಗಬಾರದೆಂದು ಅದನ್ನು ಬಳಸುವವರೂ ಇದ್ದಾರೆ. ವಿಮರ್ಶಕ ಯಾವ ಲೆಕ್ಕ ಬಳಸಿದ್ದಾನೆಂದು ಎಲ್ಲಿಯೂ ಹೇಳದಿದ್ದರೆ, ಅವನ ಕನಿಷ್ಠ ಅಂಕಿಯನ್ನು ಬೇರೆಯವನ ಕನಿಷ್ಠ ಅಂಕಿಯ ಜೊತೆ ಇಟ್ಟು ಹೋಲಿಸಬೇಡಿ. ಒಬ್ಬನದೇ ಚಾರ್ಟಿನೊಳಗೆ ಒಂದು ಕಾರ್ಡನ್ನು ಇನ್ನೊಂದಕ್ಕೆ ಹೋಲಿಸಬಹುದು.

ಎಲ್ಲಿ ಅಳೆದರು ಎಂಬುದೂ ಇಲ್ಲಿಗೇ ಸೇರುತ್ತದೆ. ಆಟದೊಳಗೇ ಬರುವ ಸಿದ್ಧ ಬೆಂಚ್‌ಮಾರ್ಕ್ ಎಲ್ಲರಿಗೂ ಒಂದೇ ದೃಶ್ಯ ತೋರಿಸುವುದರಿಂದ ಹೋಲಿಕೆಗೆ ಅನುಕೂಲ, ಆದರೆ ಆಟದ ಭಾರವಾದ ಜಾಗ ಅದರಲ್ಲಿ ಇಲ್ಲದೆ ಇರಬಹುದು. ಇನ್ನು ಕೆಲವು ಆಟಗಳು ಹೊಸ ದೃಶ್ಯ ಬಂದಾಗಲೆಲ್ಲ ಶೇಡರ್ ಎಂಬ ಚಿತ್ರ ಬರೆಯುವ ಸಣ್ಣ ಪ್ರೋಗ್ರಾಮುಗಳನ್ನು ಸಿದ್ಧಪಡಿಸಿಕೊಳ್ಳಲು ತಡವರಿಸುತ್ತವೆ. ಎರಡನೆಯ ಸಲ ಅದೇ ದಾರಿಯಲ್ಲಿ ಹೋದರೆ ತಡವರಿಕೆ ಇರುವುದಿಲ್ಲ. ಮೊದಲ ಓಟವನ್ನು ಕೈಬಿಟ್ಟು ಉಳಿದವುಗಳ ಸರಾಸರಿ ಕೊಡುವ ಚಾರ್ಟಿನಲ್ಲಿ ಇದು ಮಾಯವಾಗುತ್ತದೆ, ನಿಮಗೆ ಮನೆಯಲ್ಲಿ ಮೊದಲ ದಿನವೇ ಕಾಣುತ್ತದೆ.

## ಹಂತ 5: ಲೆಕ್ಕಕ್ಕೆ ಸೇರಿಸಿದ ಫ್ರೇಮುಗಳನ್ನು ಬೇರ್ಪಡಿಸಿ

ಅಡಿಬರಹದಲ್ಲಿ ಡಿಎಲ್‌ಎಸ್‌ಎಸ್, ಎಫ್‌ಎಸ್‌ಆರ್ ಅಥವಾ ಎಕ್ಸ್‌ಇಎಸ್‌ಎಸ್ ಎಂಬ ಹೆಸರು ಇದೆಯೇ ನೋಡಿ. ಇವುಗಳಿಂದ ಎರಡು ಬೇರೆ ಕೆಲಸಗಳು ನಡೆಯುತ್ತವೆ. ಒಂದು, ಕಡಿಮೆ ರೆಸಲ್ಯೂಷನ್ನಿನಲ್ಲಿ ಚಿತ್ರ ಬರೆದು ದೊಡ್ಡದು ಮಾಡುವುದು. ಹಾಗಿದ್ದಲ್ಲಿ "4K" ಎಂದು ಬರೆದ ಅಂಕಿ ನಿಜವಾದ 4Kಯದಲ್ಲ. ಇನ್ನೊಂದು ಫ್ರೇಮ್ ಜನರೇಷನ್, ಅಂದರೆ ಬರೆದ ಎರಡು ಫ್ರೇಮುಗಳ ನಡುವೆ ಊಹಿಸಿದ ಫ್ರೇಮನ್ನು ತುಂಬುವುದು. ಇದರಿಂದ ಅಂಕಿ ಏರುತ್ತದೆ, ಚಲನೆ ನಯವಾಗಿ ಕಾಣುತ್ತದೆ, ಆದರೆ ನೀವು ಮೌಸ್ ಒತ್ತಿದ್ದಕ್ಕೆ ಆಟ ಸ್ಪಂದಿಸುವ ವೇಗ ಮೂಲ ಫ್ರೇಮುಗಳದ್ದೇ ಆಗಿರುತ್ತದೆ, ಸ್ವಲ್ಪ ಕಡಿಮೆಯೂ ಆಗಬಹುದು. ನಾಲ್ಕು ಪಟ್ಟಿನ ಫ್ರೇಮ್ ಜನರೇಷನ್ ಹಾಕಿ 120 ಎಂದು ತೋರಿಸಿದರೆ, ಅದರೊಳಗೆ ನಿಜವಾಗಿ ಬರೆದ ಫ್ರೇಮುಗಳು 30 ಮಾತ್ರ.

2025ರ ಜನವರಿಯಲ್ಲಿ ಎನ್ವಿಡಿಯಾ ಕಂಪನಿಯ ಮುಖ್ಯಸ್ಥ ಜೆನ್ಸನ್ ಹುವಾಂಗ್ 549 ಡಾಲರಿನ ಆರ್‌ಟಿಎಕ್ಸ್ 5070 ಕಾರ್ಡಿನಲ್ಲಿ ಆರ್‌ಟಿಎಕ್ಸ್ 4090ರ ಕಾರ್ಯಕ್ಷಮತೆ ಸಿಗುತ್ತದೆ ಎಂದು ವೇದಿಕೆಯ ಮೇಲೆ ಘೋಷಿಸಿದರು. 5070 ಪ್ರತಿ ಮೂಲ ಫ್ರೇಮಿಗೆ ಮೂರರವರೆಗೆ ಹೆಚ್ಚುವರಿ ಫ್ರೇಮುಗಳನ್ನು ತುಂಬಬಲ್ಲದು, 4090 ಒಂದನ್ನು ಮಾತ್ರ. ಆ ವ್ಯತ್ಯಾಸವನ್ನು ತೆಗೆದು ಹೋಲಿಸಿದ ಸ್ವತಂತ್ರ ವಿಮರ್ಶೆಗಳಲ್ಲಿ 4090 ಬಹಳ ಮುಂದಿತ್ತು. ಎರಡು ಪಟ್ಟಿಗಳಲ್ಲಿ ಒಂದಕ್ಕೆ ಮಾತ್ರ ಈ ಸೌಲಭ್ಯ ಹಾಕಿದ ಚಾರ್ಟ್ ಕಂಡರೆ ಅದನ್ನು ಹೋಲಿಕೆ ಎಂದು ಕರೆಯಬೇಡಿ.

## ಹಂತ 6: ಖರ್ಚು ಯಾರದು, ಷರತ್ತು ಯಾರದು?

ವಿಡಿಯೊದ ಮೂಲೆಯಲ್ಲಿ `Includes paid promotion` ಎಂಬ ಬರಹ ಕಾಣಿಸಿತೇ, ವಿವರಣೆಯಲ್ಲಿ ಕೊಳ್ಳುವ ಲಿಂಕಿನಿಂದ ಕಮಿಷನ್ ಬರುತ್ತದೆ ಎಂದು ಹೇಳಿದ್ದಾರೆಯೇ, ಕಾರ್ಡ್ ಕಂಪನಿ ಕಳಿಸಿದ್ದೋ ಸ್ವಂತ ದುಡ್ಡಿನದೋ, ಈ ಮೂರನ್ನು ನೋಡಿ. ಹಣ ಅಥವಾ ಉಚಿತ ವಸ್ತು ಪಡೆದು ಪ್ರಚಾರ ಮಾಡುವವರು ಅದನ್ನು ಸ್ಪಷ್ಟವಾಗಿ ತಿಳಿಸಬೇಕೆಂದು ಕೇಂದ್ರ ಸರ್ಕಾರದ ಗ್ರಾಹಕ ವ್ಯವಹಾರಗಳ ಇಲಾಖೆ 2023ರ ಜನವರಿಯಲ್ಲಿ ಹೊರಡಿಸಿದ ಮಾರ್ಗಸೂಚಿಯೂ ಹೇಳುತ್ತದೆ.

ಹಾಗೆಂದು ಕಂಪನಿ ಕಳಿಸಿದ ಕಾರ್ಡಿನ ವಿಮರ್ಶೆಯೆಲ್ಲ ಸುಳ್ಳು ಎಂದು ತಿಳಿಯುವುದೂ ತಪ್ಪೇ. ಬಿಡುಗಡೆಯ ದಿನದ ಬಹುತೇಕ ವಿಮರ್ಶೆಗಳು ಅಂಥವೇ. ಇಲ್ಲಿ ಪಕ್ಷಪಾತ ಅಂಕಿಯನ್ನು ತಿದ್ದುವುದರ ಮೂಲಕ ಬರುವುದು ಕಡಿಮೆ. ಯಾವ ಆಟ, ಯಾವ ಸೆಟ್ಟಿಂಗ್, ಯಾವ ಎದುರಾಳಿ ಎಂಬ ಆಯ್ಕೆಯ ಮೂಲಕ ಬರುವುದೇ ಹೆಚ್ಚು. 2020ರ ಡಿಸೆಂಬರಿನಲ್ಲಿ ಎನ್ವಿಡಿಯಾ, ರೇ ಟ್ರೇಸಿಂಗಿಗೆ ಸಾಕಷ್ಟು ಒತ್ತು ಕೊಡುತ್ತಿಲ್ಲವೆಂಬ ಕಾರಣಕ್ಕೆ ಹಾರ್ಡ್‌ವೇರ್ ಅನ್‌ಬಾಕ್ಸ್‌ಡ್‌ಗೆ ತನ್ನ ಕಾರ್ಡುಗಳ ಮಾದರಿ ಕಳಿಸುವುದಿಲ್ಲವೆಂದು ಪತ್ರ ಬರೆದು, ವಿರೋಧ ಬಂದ ಮೇಲೆ ಅದನ್ನು ಹಿಂತೆಗೆದುಕೊಂಡಿತು. ಒತ್ತಡ ಬರುವ ದಾರಿ ಇಂಥದ್ದು.

ಆಯ್ಕೆಯ ಮೂಲಕ ಚಾರ್ಟ್ ಹೇಗೆ ವಾಲುತ್ತದೆ ಎಂಬುದಕ್ಕೆ 2018ರ ಅಕ್ಟೋಬರಿನ ಪ್ರಕರಣ ಒಂದು ಪಾಠದಂತಿದೆ. ಇಂಟೆಲ್ ತನ್ನ ಕೋರ್ ಐ9-9900ಕೆ ಪ್ರೊಸೆಸರನ್ನು ಎಎಂಡಿಯ ರೈಜನ್ 7 2700ಎಕ್ಸ್ ಜೊತೆ ಹೋಲಿಸಲು ಪ್ರಿನ್ಸಿಪಲ್ಡ್ ಟೆಕ್ನಾಲಜೀಸ್ ಎಂಬ ಸಂಸ್ಥೆಗೆ ಹಣ ಕೊಟ್ಟು ಪರೀಕ್ಷೆ ಮಾಡಿಸಿತ್ತು. ವರದಿಯ ವಿವರ ಓದಿದವರಿಗೆ ರೈಜನ್ "ಗೇಮ್ ಮೋಡ್"ನಲ್ಲಿ ಓಡಿದ್ದು ಗೊತ್ತಾಯಿತು. ಹೆಸರು ಕೇಳಲು ಚೆನ್ನಾಗಿದೆ, ಆದರೆ ಆ ಮೋಡ್ ಎಂಟು ಕೋರುಗಳಲ್ಲಿ ನಾಲ್ಕನ್ನು ಮುಚ್ಚಿಬಿಡುತ್ತದೆ. ಇಂಟೆಲ್ ಪ್ರೊಸೆಸರಿಗೆ ಬೇರೆ ಕೊಂಡ ದೊಡ್ಡ ಕೂಲರ್ ಹಾಕಿ, ರೈಜನ್ನಿಗೆ ಪೆಟ್ಟಿಗೆಯಲ್ಲಿ ಬಂದ ಕೂಲರನ್ನೇ ಇಟ್ಟಿದ್ದರು. ಟೀಕೆಯ ನಂತರ ಸಂಸ್ಥೆ ಎಲ್ಲ ಕೋರುಗಳನ್ನೂ ತೆರೆದು ಮರುಪರೀಕ್ಷೆ ಮಾಡಿದಾಗ ಅಂತರ ತಗ್ಗಿತು. ಗಮನಿಸಿ, ಆ ಸೆಟ್ಟಿಂಗುಗಳು ಬಚ್ಚಿಟ್ಟದ್ದಲ್ಲ, ವರದಿಯಲ್ಲೇ ಬರೆದಿದ್ದವು. ಪಟ್ಟಿಯನ್ನಷ್ಟೇ ನೋಡಿದವರಿಗೆ ಕಾಣಲಿಲ್ಲ, ಅಷ್ಟೆ.

ಎಚ್ಚರಿಕೆಯ ಗುರುತು: "ಶೇಕಡಾ 50ರವರೆಗೆ ವೇಗ" ಎಂಬಲ್ಲಿನ "ವರೆಗೆ". ಅದು ಒಂದು ಆಟದ ಅಂಕಿಯಾಗಿರುತ್ತದೆ. ಹೋಲಿಕೆಗೆ ಎರಡು ಮೂರು ತಲೆಮಾರು ಹಳೆಯ ಕಾರ್ಡನ್ನು ಮಾತ್ರ ಇಟ್ಟು, ಅದೇ ಬೆಲೆಯ ಎದುರಾಳಿಯನ್ನು ಬಿಟ್ಟಿರುವುದು ಇನ್ನೊಂದು ಗುರುತು.

## ಹಂತ 7: ನಿಮ್ಮ ಯಂತ್ರದಲ್ಲಿ ಒಂದು ನಿಮಿಷ ಅಳೆದು ನೋಡಿ

ಕಾರ್ಡ್ ಕೊಳ್ಳುವ ಮೊದಲೇ, ಈಗಿರುವ ಯಂತ್ರದಲ್ಲಿ ಇದನ್ನು ಮಾಡಿ. ತೊಂದರೆ ಕಾರ್ಡಿನದೋ ಬೇರೆಯದೋ ಎಂಬುದು ಗೊತ್ತಾಗುತ್ತದೆ. ಇನ್ವರ್ಟರಿನ ಮೇಲೆ ಅಥವಾ ಬ್ಯಾಟರಿಯ ಮೇಲೆ ಲ್ಯಾಪ್‌ಟಾಪ್ ಪರೀಕ್ಷಿಸಬೇಡಿ. ಚಾರ್ಜರ್ ಕಳಚಿದರೆ ವೇಗ ತಾನಾಗಿ ಇಳಿಯುತ್ತದೆ, ಮತ್ತು ನಮ್ಮಲ್ಲಿ ಮಳೆಗಾಲದ ಸಂಜೆ ಕರೆಂಟ್ ಯಾವಾಗ ಹೋಗುತ್ತದೆಂದು ಹೇಳಲಾಗದು.

ಆಟವನ್ನು ಹತ್ತು ನಿಮಿಷ ಓಡಿಸಿ ಯಂತ್ರ ಬಿಸಿಯಾದ ಮೇಲೆ, ನಿರ್ವಾಹಕ ಅಧಿಕಾರದಲ್ಲಿ ತೆರೆದ ಕಮಾಂಡ್ ಕಿಟಕಿಯಲ್ಲಿ ಪ್ರೆಸೆಂಟ್‌ಮಾನ್ ಇರುವ ಫೋಲ್ಡರಿಗೆ ಹೋಗಿ ಈ ಸಾಲು ಕೊಡಿ. `game.exe` ಇರುವಲ್ಲಿ ನಿಮ್ಮ ಆಟದ ಫೈಲಿನ ಹೆಸರು ಬರಲಿ. ಪ್ರೆಸೆಂಟ್‌ಮಾನ್ ಫೈಲಿನ ಹೆಸರಿನಲ್ಲಿ ಆವೃತ್ತಿಯ ಸಂಖ್ಯೆ ಸೇರಿದ್ದರೆ ಅದನ್ನೂ ಹಾಗೆಯೇ ಬರೆಯಿರಿ.

```
PresentMon.exe --process_name game.exe --output_file test.csv --timed 60 --terminate_after_timed
```

ದಾಖಲಾಗುವ ಒಂದು ನಿಮಿಷ ಯಾವಾಗಲೂ ಒಂದೇ ದಾರಿಯಲ್ಲಿ ಓಡಾಡಿ. ಸಿಕ್ಕ ಫೈಲನ್ನು ಸ್ಪ್ರೆಡ್‌ಶೀಟಿನಲ್ಲಿ ತೆರೆದು ಫ್ರೇಮ್ ಸಮಯದ ಕಾಲಂ ಹುಡುಕಿ. ಆವೃತ್ತಿಗೆ ತಕ್ಕಂತೆ ಅದರ ಹೆಸರು `FrameTime` ಅಥವಾ `MsBetweenPresents` ಎಂದಿರುತ್ತದೆ. ಅದನ್ನು ಹೊಸ ಹಾಳೆಯ ಎ ಕಾಲಂಗೆ ತಂದು, ಕೊನೆಯ ಸಾಲಿನ ಸಂಖ್ಯೆಯನ್ನು ನಿಮ್ಮ ದಾಖಲೆಗೆ ಹೊಂದಿಸಿಕೊಂಡು, ಈ ಮೂರು ಸೂತ್ರ ಹಾಕಿ:

```
=1000/AVERAGE(A2:A6001)
=1000/PERCENTILE(A2:A6001,0.99)
=1000/AVERAGEIF(A2:A6001,">="&PERCENTILE(A2:A6001,0.99))
```

ಮೊದಲನೆಯದು ಸರಾಸರಿ. ಎರಡನೆಯದು ಮತ್ತು ಮೂರನೆಯದು ನಾಲ್ಕನೆಯ ಹಂತದಲ್ಲಿ ನೋಡಿದ ಎರಡು ಲೆಕ್ಕಗಳು. ಮೂರು ಸಲ ಅಳೆದು ಅಂಕಿಗಳನ್ನು ಚೀಟಿಯಲ್ಲಿ ಬರೆಯಿರಿ. ಮೂರು ಸಲವೂ ಕನಿಷ್ಠ ಒಂದೊಂದು ದಿಕ್ಕಿಗೆ ಹೋದರೆ ಹಿನ್ನೆಲೆಯಲ್ಲಿ ಅಪ್‌ಡೇಟ್ ಅಥವಾ ಆಂಟಿವೈರಸ್ ಓಡುತ್ತಿದೆಯೇ ನೋಡಿ, ಮತ್ತೆ ಅಳೆಯಿರಿ.

ಈಗ ಅಂಕಿಗಳು ಮಾತಾಡುತ್ತವೆ. ಸರಾಸರಿ ಮತ್ತು ಕನಿಷ್ಠ ಎರಡೂ ಕಡಿಮೆ ಇದ್ದು ಅವುಗಳ ನಡುವಿನ ಅಂತರ ಚಿಕ್ಕದಿದ್ದರೆ ಸೆಟ್ಟಿಂಗನ್ನು ಒಂದು ಮಟ್ಟ ಇಳಿಸಿ ಅಳೆಯಿರಿ. ವೇಗ ಏರಿದರೆ ತಡೆ ಇರುವುದು ಕಾರ್ಡಿನಲ್ಲಿ, ಹೊಸ ಕಾರ್ಡಿನ ಚಾರ್ಟುಗಳನ್ನು ನೋಡಲು ಕಾರಣವಿದೆ. ಏರದಿದ್ದರೆ ಪ್ರೊಸೆಸರ್ ತಡೆಯುತ್ತಿದೆ, ಹೊಸ ಕಾರ್ಡ್ ಹಾಕಿದರೂ ಅಲ್ಲಿಯೇ ನಿಲ್ಲುತ್ತದೆ. ಸರಾಸರಿ ಚೆನ್ನಾಗಿದ್ದು ಕನಿಷ್ಠ ಮಾತ್ರ ಬಿದ್ದಿದ್ದರೆ, ಆಟ ಓಡುತ್ತಿರುವಾಗಲೇ ಟಾಸ್ಕ್ ಮ್ಯಾನೇಜರ್ ತೆರೆದು ರ್ಯಾಮ್ ಮತ್ತು ಕಾರ್ಡಿನ ಮೆಮೊರಿ ಎಷ್ಟು ತುಂಬಿವೆ ನೋಡಿ. ರ್ಯಾಮ್ ಅಂಚಿಗೆ ಮುಟ್ಟಿದ್ದರೆ ಮೊದಲು ಇನ್ನೊಂದು ಸ್ಟಿಕ್, ಕಾರ್ಡಿನ ಮೆಮೊರಿ ಮುಟ್ಟಿದ್ದರೆ ಮೊದಲು ಟೆಕ್ಸ್‌ಚರ್ ಗುಣಮಟ್ಟವನ್ನು ಒಂದು ಮೆಟ್ಟಿಲು ಇಳಿಸುವುದು. ಎರಡನ್ನೂ ಮಾಡಿ ಮತ್ತೆ ಅಳೆದ ಮೇಲೂ ಕನಿಷ್ಠ ಏರದಿದ್ದರೆ, ಆ `test.csv` ಫೈಲನ್ನು ಪೆನ್‌ಡ್ರೈವಿನಲ್ಲಿ ಹಾಕಿಕೊಂಡು ಅಂಗಡಿಗೆ ಬನ್ನಿ. ಸ್ಕ್ರೀನ್‌ಶಾಟ್ ಬೇಡ.